ತಕ್ಕಡಿ ಹೇಳದ ಮಾತು: ಅರವತ್ತರ ಮೇಲೆ ಕೊಬ್ಬಿಳಿಸಿ ಬಲ ಉಳಿಸುವ ಬಗೆ

ಗುಂಡ್ಲುಪೇಟೆಯಲ್ಲಿ ಹುರುಳಿ ಕೊಳ್ಳುವ ವ್ಯಾಪಾರಿಯು ಚೀಲವನ್ನು ತಕ್ಕಡಿಗೆ ಏರಿಸಿದ ಮಾತ್ರಕ್ಕೆ ಹಣ ಎಣಿಸುವುದಿಲ್ಲ. ಮೊಳಕೈವರೆಗೆ ಚೀಲದೊಳಕ್ಕೆ ಕೈಯಿಳಿಸಿ, ತಳದಿಂದ ಒಂದು ಹಿಡಿ ಕಾಳನ್ನು ಮೇಲೆತ್ತಿ, ಅಂಗೈಯಲ್ಲಿ ಹರಡಿ ನೋಡುತ್ತಾನೆ. ಕಾಳೆಷ್ಟು, ಕಲ್ಲೆಷ್ಟು, ಮಣ್ಣೆಷ್ಟು ಎಂಬುದು ತಕ್ಕಡಿಗೆ ಗೊತ್ತಾಗದು. ಅದಕ್ಕೆ ಎಲ್ಲವೂ ಬರಿಯ ಭಾರವೇ. ವ್ಯಾಪಾರಿಗೆ ಇರುವ ಈ ವಿವೇಕವನ್ನು ನಮ್ಮ ಶರೀರವನ್ನು ತೂಗಿಕೊಳ್ಳುವಾಗ ನಾವು ಮರೆತುಬಿಡುತ್ತೇವೆ. ಹಾಗೆ ಮರೆತದ್ದರಿಂದ ನಮ್ಮ ಕುಟುಂಬದಲ್ಲಿಯೇ ಏನಾಯಿತೆಂಬುದನ್ನು ಹೇಳಿ, ಅದರ ಹಿಂದಿನ ಶಾಸ್ತ್ರವನ್ನು ವಿವರಿಸಬೇಕೆಂದು ನಾವು ಈ ಲೇಖನಕ್ಕೆ ಕೈಹಾಕಿದ್ದೇವೆ.

ನಮ್ಮ ಸೋದರಮಾವನವರು ಗುಂಡ್ಲುಪೇಟೆಯವರು, ನಿವೃತ್ತ ಉಪಾಧ್ಯಾಯರು. ವಯಸ್ಸು ಅರವತ್ತಾರು, ಎತ್ತರ 165 ಸೆಂಟಿಮೀಟರು, ತೂಕ 78 ಕಿಲೋಗ್ರಾಂ. ರಕ್ತದಲ್ಲಿ ಸಕ್ಕರೆ ಏರುತ್ತಿದೆ, ತೂಕ ಇಳಿಸಬೇಕು ಎಂದು ವೈದ್ಯರು ಹೇಳಿದ ಮೇಲೆ ಅವರು ತಾವೇ ಒಂದು ಪಥ್ಯವನ್ನು ಗೊತ್ತುಮಾಡಿಕೊಂಡರು. ಬೆಳಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಒಂದು ಮುದ್ದೆ ಮತ್ತು ತಿಳಿಸಾರು, ರಾತ್ರಿ ಬರಿಯ ಗಂಜಿ. ನಡುವೆ ಎರಡು ಬಾರಿ ಕಾಫಿ. ಪ್ರತಿದಿನ ಬೆಳಗ್ಗೆ ಊಟಿ ರಸ್ತೆಯಲ್ಲಿ ಒಂದು ಗಂಟೆಯ ನಡಿಗೆ. ನಾಲ್ಕು ತಿಂಗಳಲ್ಲಿ ತೂಕ 69ಕ್ಕೆ ಇಳಿಯಿತು. ಕಂಡವರೆಲ್ಲ ಮೆಚ್ಚಿದರು.

ಅದೇ ಸಮಯದಲ್ಲಿ ಬಂಧುಗಳೊಬ್ಬರ ಮನೆಯ ಗೃಹಪ್ರವೇಶಕ್ಕೆ ನಾವು ಚಾಮರಾಜನಗರದಿಂದ ಹೋಗಿದ್ದೆವು. ನೆಲದ ಮೇಲೆ ಪಂಕ್ತಿ ಹಾಕಿದ್ದರು. ಊಟ ಮುಗಿದು ಎಲ್ಲರೂ ಎದ್ದರೂ ಮಾವನವರಿಗೆ ಏಳಲಾಗಲಿಲ್ಲ. ಕೈಯೂರಿ ಎರಡು ಸಲ ಪ್ರಯತ್ನಿಸಿ ಕುಳಿತರು. ಕೊನೆಗೆ ಹುಡುಗರಿಬ್ಬರು ತೋಳು ಹಿಡಿದು ಎತ್ತಿದರು. ಮನೆಗೆ ಬಂದ ಮೇಲೆ ಅವರು ನಮ್ಮನ್ನು ಕೇಳಿದರು: “ಒಂಬತ್ತು ಕಿಲೋ ಇಳಿದಿದ್ದೇನಲ್ಲಪ್ಪ. ಹಗುರವಾದ ಮೈಯನ್ನು ಎತ್ತುವುದು ಸುಲಭವಾಗಬೇಕಲ್ಲವೆ? ನೀನು ಹೇಳಿಕೊಡುವ ಭೌತಶಾಸ್ತ್ರ ಇದಕ್ಕೆ ಏನು ಹೇಳುತ್ತದೆ?”

ಪ್ರಶ್ನೆ ನ್ಯಾಯವಾದುದೇ. ಉತ್ತರ ಹುಡುಕಲು ನಾವು ಮೊದಲು ಲೆಕ್ಕದ ಪುಸ್ತಕ ತೆರೆದೆವು.

ಕಳೆದುಹೋದದ್ದು ಏನು?

ಶರೀರಕ್ಕೆ ಬೇಕಾದಷ್ಟು ಆಹಾರ ದೊರೆಯದಿದ್ದಾಗ ಅದು ತನ್ನ ಉಗ್ರಾಣದಿಂದ ಶಕ್ತಿಯನ್ನು ತೆಗೆದುಕೊಳ್ಳುತ್ತದೆ. ದೊಡ್ಡ ಉಗ್ರಾಣವೆಂದರೆ ಕೊಬ್ಬು. ಶರೀರದ ಒಂದು ಕಿಲೋಗ್ರಾಂ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. (ಇಲ್ಲಿ ಕ್ಯಾಲೊರಿಯೆಂದರೆ ಆಹಾರಶಾಸ್ತ್ರದವರ ದೊಡ್ಡ ಕ್ಯಾಲೊರಿ, ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ ಡಿಗ್ರಿ ಏರಿಸುವಷ್ಟು ಶಾಖ.) ಮಾಂಸಖಂಡದ ಸಂಗತಿ ಬೇರೆ. ಅದರಲ್ಲಿ ಮುಕ್ಕಾಲು ಭಾಗ ನೀರು, ಐದನೆಯ ಒಂದು ಭಾಗ ಮಾತ್ರ ಪ್ರೋಟೀನು, ಅಂದರೆ ಸಸಾರಜನಕ. ಆದಕಾರಣ ಒಂದು ಕಿಲೋಗ್ರಾಂ ಮಾಂಸಖಂಡ ಕರಗಿದರೆ ದೊರೆಯುವ ಶಕ್ತಿ ಒಂದು ಸಾವಿರ ಕ್ಯಾಲೊರಿಯ ಆಸುಪಾಸಿನದು.

ಇದರಿಂದ ಒಂದು ವಿಚಿತ್ರ ಫಲ ಹೊರಡುತ್ತದೆ. ಒಂದೇ ಪ್ರಮಾಣದ ಕೊರತೆಯನ್ನು ಕೊಬ್ಬಿನಿಂದ ತುಂಬಿದರೆ ತೂಕ ನಿಧಾನವಾಗಿ ಇಳಿಯುತ್ತದೆ. ಮಾಂಸಖಂಡದಿಂದ ತುಂಬಿದರೆ ಏಳೆಂಟು ಪಟ್ಟು ವೇಗವಾಗಿ ಇಳಿಯುತ್ತದೆ. ಬಲ ಹೆಚ್ಚು ನಷ್ಟವಾದಷ್ಟೂ ತಕ್ಕಡಿ ಹೆಚ್ಚು ಗೆಲುವನ್ನು ತೋರಿಸುತ್ತದೆ.

ಮಾವನವರ ಪ್ರಕರಣದಲ್ಲಿ ನಾವು ಒಂದು ಅಂದಾಜು ಮಾಡಿದೆವು. ಅತ್ತೆಯವರು ಹೇಳಿದ ಊಟದ ವಿವರದಿಂದ ದಿನಕ್ಕೆ ಸುಮಾರು 450 ಕ್ಯಾಲೊರಿಯ ಕೊರತೆಯಾಗಿತ್ತೆಂದು ಕಂಡಿತು. 120 ದಿನಗಳಿಗೆ 54,000. ಕಳೆದ ಕೊಬ್ಬು x ಕಿಲೋ, ಕೊಬ್ಬಲ್ಲದ ಭಾಗ y ಕಿಲೋ ಎಂದಿಟ್ಟುಕೊಂಡರೆ ಎರಡು ಸಮೀಕರಣಗಳು ದೊರೆಯುತ್ತವೆ:

x + y = 9
7700x + 1000y = 54000

ಪ್ರೌಢಶಾಲೆಯ ವಿದ್ಯಾರ್ಥಿಗಳು ಇದನ್ನು ಬಿಡಿಸಬಲ್ಲರು. x ಸುಮಾರು 6.7, y ಸುಮಾರು 2.3. ಎಂದರೆ ಇಳಿದ ತೂಕದಲ್ಲಿ ಕಾಲುಭಾಗ ಕೊಬ್ಬಲ್ಲ. ಊಟದ ಅಂದಾಜಿನಲ್ಲಿ ತಪ್ಪಿರಬಹುದು, ಆ 2.3 ಕಿಲೋದಲ್ಲಿ ಮಾಂಸಖಂಡದ ಜೊತೆಗೆ ಬಿಡಿ ನೀರೂ ಸೇರಿರುತ್ತದೆ. ಆದರೂ ವ್ಯಾಯಾಮವಿಲ್ಲದೆ ಬರಿಯ ಪಥ್ಯದಿಂದ ತೂಕ ಇಳಿಸಿದವರಲ್ಲಿ ವಿಜ್ಞಾನಿಗಳು ಅಳೆದು ಕಂಡಿರುವ ಪ್ರಮಾಣವೂ ಹೆಚ್ಚು ಕಡಮೆ ಈ ಕಾಲುಭಾಗವೇ.

ಇಪ್ಪತ್ತರ ತರುಣನಿಗೆ ಈ ನಷ್ಟ ದೊಡ್ಡದಲ್ಲ, ಮರಳಿ ಗಳಿಸುತ್ತಾನೆ. ಅರವತ್ತು ದಾಟಿದವರ ಮಾಂಸಖಂಡವಾದರೋ ಪಥ್ಯವಿಲ್ಲದೆಯೂ ವರ್ಷಕ್ಕೆ ಸುಮಾರು ನೂರಕ್ಕೆ ಒಂದು ಭಾಗದಂತೆ ಸವೆಯುತ್ತಿರುತ್ತದೆ. ಬಲ ಅದಕ್ಕಿಂತಲೂ ಬೇಗ ಕುಗ್ಗುತ್ತದೆ. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವೈದ್ಯವಿಜ್ಞಾನಿ 1989ರಲ್ಲಿ ಈ ಸವೆತಕ್ಕೆ ಸಾರ್ಕೊಪೀನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಮಾಂಸದ ಬಡತನ’ ಎಂದರ್ಥ. ಎಷ್ಟೋ ವರ್ಷಗಳಲ್ಲಿ ಆಗಬೇಕಾದ ನಷ್ಟವನ್ನು ಮಾವನವರು ನಾಲ್ಕು ತಿಂಗಳಲ್ಲಿ ತಂದುಕೊಂಡಿದ್ದರು.

ಕುರ್ಚಿಯಿಂದ ಏಳುವ ಸನ್ನೆ

ಈಗ ಮಾವನವರ ಪ್ರಶ್ನೆಗೆ ಬರೋಣ. ಕುರ್ಚಿಯಿಂದ ಏಳುವಾಗ ನಮ್ಮ ಕಾಲು ಒಂದು ಸನ್ನೆಯಂತೆ ಕೆಲಸ ಮಾಡುತ್ತದೆ. ಮೊಣಕಾಲಿನ ಕೀಲು ಅದರ ಆನಿಕೆ. ಪೃಷ್ಠ ಕುರ್ಚಿಯನ್ನು ಬಿಡುವ ಕ್ಷಣದಲ್ಲಿ ಶರೀರದ ಭಾರ ಮೊಣಕಾಲಿಗಿಂತ ಸುಮಾರು 20 ಸೆಂಟಿಮೀಟರು ಹಿಂದೆ ಇರುತ್ತದೆ. ತೊಡೆಯ ಮುಂಭಾಗದ ಮಾಂಸಖಂಡವು ಎಳೆಯುವುದಾದರೋ ಕೀಲಿನಿಂದ ಕೇವಲ 4 ಸೆಂಟಿಮೀಟರು ದೂರದಲ್ಲಿ. ಮೊಣಕಾಲಿನ ಮೇಲಿನ ಭಾರ 60 ಕಿಲೋ ಎಂದಿಟ್ಟುಕೊಂಡರೆ ಒಂದೊಂದು ಕಾಲಿಗೆ 30 ಕಿಲೋ. ಸನ್ನೆಯ ನಿಯಮದಂತೆ ಮಾಂಸಖಂಡವು ಕೊಡಬೇಕಾದ ಎಳೆತ 30ನ್ನು 20ರಿಂದ ಗುಣಿಸಿ 4ರಿಂದ ಭಾಗಿಸಿದಷ್ಟು. ಅಂದರೆ 150 ಕಿಲೋಗ್ರಾಂ ಭಾರದಷ್ಟು, ಅದೂ ಒಂದೊಂದು ಕಾಲಿನಲ್ಲಿ!

ಮಾವನವರ ತೂಕ 78ರಿಂದ 69ಕ್ಕೆ ಇಳಿದಾಗ ಎತ್ತಬೇಕಾದ ಭಾರ ನೂರಕ್ಕೆ ಹನ್ನೆರಡರಷ್ಟು ಕಡಮೆಯಾಯಿತು. ತೊಡೆಯ ಬಲವೂ ಅಷ್ಟೇ ಕುಗ್ಗಿದ್ದರೆ ಏಳುವುದು ಮೊದಲಿನಷ್ಟೇ ಸುಲಭವಾಗಿರುತ್ತಿತ್ತು. ಬಲ ಹನ್ನೆರಡಕ್ಕಿಂತ ಹೆಚ್ಚು ಕುಗ್ಗಿದ್ದರಿಂದ ಹಗುರವಾದ ಮೈಯೇ ಭಾರವಾಯಿತು. ಲೆಕ್ಕಕ್ಕೆ ಬರಬೇಕಾದದ್ದು ತೂಕವೂ ಅಲ್ಲ, ಬರಿಯ ಬಲವೂ ಅಲ್ಲ. ಬಲವನ್ನು ಭಾರದಿಂದ ಭಾಗಿಸಿದ ಪ್ರಮಾಣ.

ಆ ಪ್ರಮಾಣವನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಕೈಗಳಿಲ್ಲದ ಸಾಧಾರಣ ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿಟ್ಟು, ತೋಳುಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಆದಷ್ಟು ಬೇಗ ಐದು ಸಲ ಪೂರ್ತಿಯಾಗಿ ಎದ್ದು ಕೂರಬೇಕು. ಏಷ್ಯದ ತಜ್ಞರ ಮಂಡಲಿಯೊಂದು 2019ರಲ್ಲಿ ಗೊತ್ತುಮಾಡಿದ ಪ್ರಕಾರ, ಇದಕ್ಕೆ 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಕಾಲಿನ ಬಲ ಕಡಮೆಯಾಗಿದೆಯೆಂದು ಸಂಶಯಪಡಬೇಕು. ನಾವು ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತೆವು. ಮಾವನವರಿಗೆ 17 ಸೆಕೆಂಡು ಹಿಡಿಯಿತು.

“ದಿನವೂ ಒಂದು ಗಂಟೆ ನಡೆದೆನಲ್ಲ, ಅದು ಸಾಲದೆ?” ಎಂದರು ಅವರು. ಹೃದಯಕ್ಕೆ ಒಳ್ಳೆಯದೇ, ಆದರೆ ಮಾಂಸಖಂಡವನ್ನು ಉಳಿಸಲು ಸಾಲದು. ಇದನ್ನು ಅಮೆರಿಕದಲ್ಲಿ ನಡೆದ ಒಂದು ಪ್ರಯೋಗ ಸ್ಪಷ್ಟವಾಗಿ ತೋರಿಸಿದೆ. ಡೆನಿಸ್ ವಿಲ್ಲಾರಿಯಲ್ ಮತ್ತು ಸಂಗಡಿಗರು ಅರವತ್ತೈದು ದಾಟಿದ 160 ಮಂದಿ ಸ್ಥೂಲಕಾಯರನ್ನು ಗುಂಪುಗಳಾಗಿ ಮಾಡಿ ಅಭ್ಯಾಸ ನಡೆಸಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಮೂರು ಗುಂಪುಗಳಿಗೆ ಪಥ್ಯದ ಜೊತೆಗೆ ವ್ಯಾಯಾಮ: ಒಂದಕ್ಕೆ ನಡಿಗೆಯಂತಹ ಉಸಿರಿನ ವ್ಯಾಯಾಮ, ಇನ್ನೊಂದಕ್ಕೆ ಭಾರದ ವ್ಯಾಯಾಮ, ಮತ್ತೊಂದಕ್ಕೆ ಎರಡೂ. ಆರು ತಿಂಗಳಲ್ಲಿ ಮೂರು ಗುಂಪುಗಳ ತೂಕವೂ ಸಮನಾಗಿ, ನೂರಕ್ಕೆ ಒಂಬತ್ತರಷ್ಟು, ಇಳಿಯಿತು. ತಕ್ಕಡಿಯ ಮಟ್ಟಿಗೆ ವ್ಯತ್ಯಾಸವೇ ಇಲ್ಲ. ಆದರೆ ಕೊಬ್ಬಲ್ಲದ ಭಾಗದ ನಷ್ಟ ಉಸಿರಿನ ವ್ಯಾಯಾಮದವರಲ್ಲಿ 2.7 ಕಿಲೋ, ಭಾರದ ವ್ಯಾಯಾಮದವರಲ್ಲಿ 1 ಕಿಲೋ, ಎರಡನ್ನೂ ಮಾಡಿದವರಲ್ಲಿ 1.7 ಕಿಲೋ. ದಿನನಿತ್ಯದ ಕೆಲಸಗಳ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದವರು ಎರಡನ್ನೂ ಮಾಡಿದವರು. ಹೀಗಿರಲು ನಡಿಗೆಯನ್ನು ಬಿಡಬೇಕಿಲ್ಲ, ಭಾರವನ್ನು ಸೇರಿಸಬೇಕು.

ಕಟ್ಟಿನೊಡನೆ ಕಾಳೂ ಬೇಕು

ಮಾಂಸಖಂಡವು ಕಲ್ಲಿನ ಕಟ್ಟಡದಂತೆ ಒಮ್ಮೆ ಕಟ್ಟಿ ಮುಗಿಸಿದ ವಸ್ತುವಲ್ಲ. ಅದರ ಪ್ರೋಟೀನು ಒಂದು ಕಡೆ ಒಡೆಯುತ್ತಲೂ ಮತ್ತೊಂದು ಕಡೆ ಹೊಸದಾಗಿ ಹೆಣೆಯುತ್ತಲೂ ಇರುತ್ತದೆ. ಊಟದ ಪ್ರೋಟೀನು ಜೀರ್ಣವಾಗಿ ಅಮೈನೋ ಆಮ್ಲಗಳಾಗಿ ರಕ್ತಕ್ಕೆ ಬಂದಾಗ ಹೆಣಿಗೆ ಕೆಲವು ಗಂಟೆಗಳ ಕಾಲ ಮೇಲುಗೈಯಾಗುತ್ತದೆ. ತರುವಾಯ ಒಡೆಯುವ ಕೆಲಸ ಮುಂದಾಗುತ್ತದೆ. ಕೊಬ್ಬಿಗೆ ಇರುವಂತೆ ಅಮೈನೋ ಆಮ್ಲಗಳಿಗೆ ಬೇರೊಂದು ಉಗ್ರಾಣವಿಲ್ಲ. ಅವುಗಳಿಗೆ ಮಾಂಸಖಂಡವೇ ಉಗ್ರಾಣ.

ವಯಸ್ಸಾದಂತೆ ಇಲ್ಲೊಂದು ತೊಡಕು ಬರುತ್ತದೆ. ಮಾಂಸಖಂಡದ ಕಿವಿ ಮಂದವಾಗುತ್ತದೆಯೆಂದು ಹೇಳಬಹುದು. ತರುಣರಲ್ಲಿ ಒಂದು ಊಟದಲ್ಲಿ ತೂಕದ ಪ್ರತಿ ಕಿಲೋಗೆ ಕಾಲು ಗ್ರಾಂ ಪ್ರೋಟೀನು ಬಂದರೆ ಹೆಣಿಗೆ ತನ್ನ ಪೂರ್ಣ ವೇಗಕ್ಕೆ ಏರುತ್ತದೆ. ಎಪ್ಪತ್ತರ ಆಸುಪಾಸಿನವರಲ್ಲಿ ಅದೇ ಫಲಕ್ಕೆ ಸುಮಾರು 0.4 ಗ್ರಾಂ ಬೇಕೆಂದು ಪ್ರಯೋಗಗಳಿಂದ ಕಂಡುಬಂದಿದೆ. 69 ಕಿಲೋ ತೂಗುವ ಮಾವನವರಿಗೆ ಇದು ಒಂದು ಊಟಕ್ಕೆ 25ರಿಂದ 28 ಗ್ರಾಂ. ಮೂರು ಊಟಕ್ಕೆ ಸುಮಾರು 80 ಗ್ರಾಂ. ವಯಸ್ಕರಿಗೆ ಸಾಮಾನ್ಯವಾಗಿ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ 2020ರಲ್ಲಿ ಗೊತ್ತುಮಾಡಿದ ಪ್ರಮಾಣ ಪ್ರತಿ ಕಿಲೋಗೆ 0.83 ಗ್ರಾಂ. ವೃದ್ಧರಿಗೆ 1ರಿಂದ 1.2 ಗ್ರಾಂ ಬೇಕೆಂಬುದು ಮುಪ್ಪಿನ ಶಾಸ್ತ್ರದ ತಜ್ಞರ ಸಲಹೆ.

ಮಾವನವರ ಪಥ್ಯದಲ್ಲಿ ಎಷ್ಟಿತ್ತು? ಇಡ್ಲಿಯಿಂದ 8 ಗ್ರಾಂ, ಮಧ್ಯಾಹ್ನ 17, ರಾತ್ರಿಯ ಗಂಜಿಯಲ್ಲಿ 7, ಕಾಫಿಯ ಹಾಲಿನಿಂದ 3. ಒಟ್ಟು 35 ಗ್ರಾಂ. ಯಾವ ಊಟವೂ ಮಾಂಸಖಂಡದ ಮಂದ ಕಿವಿಗೆ ಕೇಳಿಸುವಷ್ಟಿರಲಿಲ್ಲ.

ಇಲ್ಲಿ ನಮ್ಮ ಸೀಮೆಯ ಅಡುಗೆಯ ಒಂದು ಗುಟ್ಟಿದೆ. ಹುರುಳಿ ಬೇಯಿಸಿ ಬಸಿದ ನೀರನ್ನು ಕಟ್ಟು ಎನ್ನುತ್ತೇವೆ. ಅದರಿಂದ ಸಾರು ಮಾಡುತ್ತೇವೆ. ಬೆಂದ ಕಾಳು ಹಿಂದೆ ಎತ್ತುಗಳಿಗೆ ಹೋಗುತ್ತಿತ್ತು. ಈಗಲೂ ಹಲವು ಮನೆಗಳಲ್ಲಿ ದೊಡ್ಡವರ ತಟ್ಟೆಗೆ ಬೀಳುವುದು ಒಂದು ಚಮಚ ಮಾತ್ರ. ಹುರುಳಿಯ ನೂರು ಗ್ರಾಮಿನಲ್ಲಿ ಸುಮಾರು 22 ಗ್ರಾಂ ಪ್ರೋಟೀನಿದೆ. ಅದರ ಹೆಚ್ಚಿನ ಭಾಗ ಕಾಳಿನಲ್ಲಿಯೇ ಉಳಿಯುತ್ತದೆ. ಎತ್ತು ಉಂಡು ಬಲವಾಯಿತು, ಯಜಮಾನ ತಿಳಿನೀರು ಕುಡಿದ. ರಾಗಿ ಒಳ್ಳೆಯ ಧಾನ್ಯವಾದರೂ ಅದರ ನೂರು ಗ್ರಾಂ ಹಿಟ್ಟಿನಲ್ಲಿರುವುದು 7 ಗ್ರಾಂ ಪ್ರೋಟೀನು. ಮುದ್ದೆಯನ್ನು ಹಿರಿದು ಮಾಡಿ ಈ ಕೊರತೆಯನ್ನು ನೀಗಿಸಲಾಗದು. ಅದೂ ಅಲ್ಲದೆ ಧಾನ್ಯಗಳಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲ ಕಡಮೆ, ಕಾಳುಗಳಲ್ಲಿ ಅದು ಧಾರಾಳ; ಎರಡೂ ಒಂದೇ ಎಲೆಯಲ್ಲಿ ಕೂಡಿದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ಮಾವನವರು ಮೊಟ್ಟೆ, ಮಾಂಸ ಮುಟ್ಟುವವರಲ್ಲ. ಅತ್ತೆಯವರೊಡನೆ ಕುಳಿತು, ಅಡುಗೆಮನೆಯಲ್ಲಿ ಇರುವ ಪದಾರ್ಥಗಳಿಂದಲೇ ಈ ಏರ್ಪಾಡು ಮಾಡಿದೆವು. ಬೆಳಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, ಸ್ವಲ್ಪ ಕಡಲೆಕಾಯಿ ಚಟ್ನಿ, ಒಂದು ದೊಡ್ಡ ಲೋಟ ಹಾಲು: 25 ಗ್ರಾಂ. ಮಧ್ಯಾಹ್ನ 70 ಗ್ರಾಂ ಹಿಟ್ಟಿನ ಚಿಕ್ಕ ಮುದ್ದೆ, 60 ಗ್ರಾಂ ಹುರುಳಿಯ ಕಟ್ಟು ಮತ್ತು ಕಾಳು ಎರಡೂ ಸೇರಿದ ಸಾರು, ಒಂದು ಬಟ್ಟಲು ಗಟ್ಟಿ ಮೊಸರು: 24 ಗ್ರಾಂ. ರಾತ್ರಿ ಎರಡು ಚಪಾತಿ, ಪನ್ನೀರು ಹಾಕಿದ ಪಲ್ಯ, ಹಾಲು: 26 ಗ್ರಾಂ. ಪನ್ನೀರು ಇಲ್ಲದ ದಿನ ಗಟ್ಟಿ ತೊಗರಿಬೇಳೆ ಅಥವಾ ಅವರೆಕಾಳು. ಮೂರು ಊಟದಲ್ಲಿಯೂ ತರಕಾರಿ. ಒಟ್ಟು ಸುಮಾರು 1,700 ಕ್ಯಾಲೊರಿ. ಅವರ ಅವಶ್ಯಕತೆಗಿಂತ 250 ಮಾತ್ರ ಕಡಮೆ. ಮೊದಲಿನ ಕೊರತೆಯನ್ನು ಹೆಚ್ಚುಕಡಮೆ ಅರ್ಧಕ್ಕೆ ಇಳಿಸಿದ್ದು ಬೇಕೆಂದೇ. ಕೊರತೆ ತೀವ್ರವಾದಷ್ಟೂ ಶರೀರವು ಮಾಂಸಖಂಡದ ಕಡೆಗೆ ಕೈಚಾಚುತ್ತದೆ.

ಎರಡು ಎಚ್ಚರಿಕೆಗಳನ್ನು ಇಲ್ಲಿ ಹೇಳಲೇಬೇಕು. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಬಾರದು; ಮಾವನವರಿಗೆ ರಕ್ತಪರೀಕ್ಷೆ ಮಾಡಿಸಿದ ಬಳಿಕವೇ ನಾವು ಮುಂದುವರಿದೆವು. ಇನ್ನು ಕಾಳುಗಳನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುತ್ತದೆ. ರಾತ್ರಿಯೆಲ್ಲ ನೆನೆಸಿ, ಚೆನ್ನಾಗಿ ಬೇಯಿಸಿ, ಮೂರು ನಾಲ್ಕು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು.

ಪ್ರೋಟೀನನ್ನು ಹೀಗೆ ಸಮನಾಗಿ ಹಂಚುವ ವಿಷಯದಲ್ಲಿ ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲವೆಂಬುದನ್ನೂ ಮುಚ್ಚಿಡಬಾರದು. ಕೆಲವು ಪ್ರಯೋಗಗಳಲ್ಲಿ ಹಂಚಿಕೆಯಿಂದ ಲಾಭ ಕಂಡಿದೆ, ಕೆಲವಲ್ಲಿ ಕಂಡಿಲ್ಲ. ಆದಕಾರಣ ದಿನದ ಒಟ್ಟು ಪ್ರಮಾಣ ಮೊದಲು, ಹಂಚಿಕೆ ಅನಂತರ. ಆದರೆ ಕಾಳು ತಿನ್ನುವ ವೃದ್ಧರು 80 ಗ್ರಾಮನ್ನು ಒಂದೇ ಊಟದಲ್ಲಿ ಉಣ್ಣಲಾರರು. ಹಂಚದೆ ಒಟ್ಟು ಪ್ರಮಾಣವನ್ನು ಮುಟ್ಟುವುದೇ ಅವರಿಗೆ ಕಷ್ಟ.

ಕಂಬಳಿಗಳೇ ತೂಕದ ಬಟ್ಟುಗಳು

ಅಮೈನೋ ಆಮ್ಲಗಳು ಇಟ್ಟಿಗೆಗಳಾದರೆ, ‘ಇಲ್ಲಿ ಕಟ್ಟು’ ಎಂಬ ಆಜ್ಞೆ ಮಾಂಸಖಂಡದ ಮೇಲೆ ಬೀಳುವ ಭಾರದಿಂದ ಬರುತ್ತದೆ. ಆ ಭಾರ ಮಾಂಸಖಂಡಕ್ಕೆ ನಿತ್ಯ ಅಭ್ಯಾಸವಿರುವುದಕ್ಕಿಂತ ತುಸು ಹೆಚ್ಚಿರಬೇಕು. ಕೀಲು ತಾಳುವುದಕ್ಕಿಂತ ಹೆಚ್ಚಿರಬಾರದು. ಇದನ್ನು ಅಳತೆಗೆ ಒಳಪಡಿಸುವುದು ಹೇಗೆ? ಇಲ್ಲಿ ನಮಗೆ ಮತ್ತೆ ಸನ್ನೆಯೇ ಸಹಾಯಕ್ಕೆ ಬಂತು. ಕುರ್ಚಿ ಎತ್ತರವಾದಷ್ಟೂ ಮೊಣಕಾಲು ಕಡಮೆ ಮಡಿಯುತ್ತದೆ, ಶರೀರದ ಭಾರ ಆನಿಕೆಗೆ ಹತ್ತಿರವಾಗುತ್ತದೆ, ತೊಡೆಯ ಮೇಲಿನ ಎಳೆತ ತಗ್ಗುತ್ತದೆ. ಕುರ್ಚಿಯ ಮೇಲೆ ಮಡಿಸಿದ ಕಂಬಳಿಗಳನ್ನು ಒತ್ತಾಗಿ ಹಾಸಿ ಎತ್ತರವನ್ನು 50 ಸೆಂಟಿಮೀಟರಿಗೆ ಏರಿಸಿದೆವು. ಒಂದೊಂದು ಕಂಬಳಿ ತೆಗೆದಂತೆ ಒಂದೊಂದು ಬಟ್ಟು ಸೇರಿಸಿದಂತೆ.

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನದ ವಿರಾಮ. ಮೊದಲು ಐದು ನಿಮಿಷ ಅಂಗಳದಲ್ಲಿ ನಡಿಗೆ. ಆಮೇಲೆ ನಾಲ್ಕು ಕೆಲಸಗಳು: ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಅಂಗೈಯೂರಿ ಮೈಯನ್ನು ತಳ್ಳುವುದು, ಒಂದು ಕೈಯನ್ನು ಮೇಜಿಗೂರಿ ಬಾಗಿ, ಮತ್ತೊಂದು ಕೈಯಿಂದ ಎರಡು ಕಿಲೋ ರಾಗಿ ತುಂಬಿದ ಬಟ್ಟೆಚೀಲವನ್ನು ಸೊಂಟದವರೆಗೆ ಎಳೆಯುವುದು, ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಎರಡು ನಿಮಿಷ ವಿಶ್ರಾಂತಿ, ಹೀಗೆ ಎರಡು ಅಥವಾ ಮೂರು ಸುತ್ತು. ಏಳುವಾಗ ಉಸಿರು ಬಿಡಬೇಕು; ಕೂರುವಾಗ ಮನಸ್ಸಿನಲ್ಲಿ ಮೂರು ಎಣಿಸುತ್ತ ನಿಧಾನವಾಗಿ ಇಳಿಯಬೇಕು. ‘ಇನ್ನು ಎರಡು ಮೂರು ಸಲ ಮಾತ್ರ ಸರಿಯಾಗಿ ಮಾಡಬಲ್ಲೆ’ ಎನ್ನಿಸಿದಾಗ ನಿಲ್ಲಿಸಬೇಕು. ಸಾಲಾಗಿ ಎರಡು ದಿನ ಹನ್ನೆರಡು ಸಲ ಸುಲಭವಾಗಿ ಆದರೆ ಒಂದು ಕಂಬಳಿ ತೆಗೆಯಬೇಕು, ಅಥವಾ ಚೀಲಕ್ಕೆ ಅರ್ಧ ಕಿಲೋ ಸೇರಿಸಬೇಕು.

ಎರಡನೆಯ ವಾರದಲ್ಲಿ ಒಂದು ಅಚಾತುರ್ಯವಾಯಿತು. ಉತ್ಸಾಹ ಬಂದ ಮಾವನವರು ಅಂಗಳದಲ್ಲಿದ್ದ ಅರಿಶಿನದ ಚೀಲವನ್ನು ಉಸಿರು ಬಿಗಿಹಿಡಿದು ಎತ್ತಲು ಹೋದರು. ಕಣ್ಣು ಕತ್ತಲೆಗಟ್ಟಿ ಜಗಲಿಯ ಮೇಲೆ ಕುಳಿತುಬಿಟ್ಟರು. ಉಸಿರು ಕಟ್ಟಿ ತಿಣುಕಿದಾಗ ಎದೆಗೂಡಿನೊಳಗೆ ಒತ್ತಡ ಏರುತ್ತದೆ, ರಕ್ತದೊತ್ತಡವೂ ಒಮ್ಮೆಲೇ ಏರುತ್ತದೆ; ಅದೇ ಒತ್ತಡವು ಹೃದಯಕ್ಕೆ ಮರಳುವ ರಕ್ತವನ್ನು ತಡೆಯುವುದರಿಂದ ಉಸಿರು ಬಿಡುವಷ್ಟರಲ್ಲಿ ಒತ್ತಡ ಕುಸಿದು ತಲೆ ತಿರುಗುತ್ತದೆ. ಅಂದಿನಿಂದ ಅವರು ಗಟ್ಟಿಯಾಗಿ ಎಣಿಸುತ್ತ ಏಳುವ ಅಭ್ಯಾಸ ಮಾಡಿಕೊಂಡರು. ಎಣಿಸುವವನು ಉಸಿರು ಕಟ್ಟಲಾರ.

ವ್ಯಾಯಾಮದ ಮರುದಿನ ತೊಡೆ ನೋಯುವುದು ಸಹಜ. ಎರಡು ಮೂರು ದಿನಗಳಲ್ಲಿ ಹೋಗುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಅಥವಾ ಊತ ಬಂದರೆ ಭಾರ ತಗ್ಗಿಸಬೇಕು. ಎದೆ ಬಿಗಿತ, ತಲೆಸುತ್ತು, ಮಿತಿಮೀರಿದ ಏದುಸಿರು ಕಂಡರೆ ಕೂಡಲೇ ನಿಲ್ಲಿಸಿ ವೈದ್ಯರ ಬಳಿಗೆ ಹೋಗಬೇಕು. ಹತೋಟಿಗೆ ಬಾರದ ರಕ್ತದೊತ್ತಡ, ಇತ್ತೀಚಿನ ಹೃದಯಾಘಾತ, ಹರ್ನಿಯ, ಸಕ್ಕರೆ ಕಾಯಿಲೆಯಿಂದ ಕಣ್ಣಿನ ಒಳಪದರಕ್ಕೆ ಆದ ಹಾನಿ ಇವುಗಳಿದ್ದರೆ ವೈದ್ಯರ ಅಪ್ಪಣೆಯಿಲ್ಲದೆ ಆರಂಭಿಸಲೇಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಟ ಮತ್ತು ವ್ಯಾಯಾಮ ಬದಲಾದಾಗ ಔಷಧದ ಪ್ರಮಾಣವನ್ನೂ ವೈದ್ಯರು ಬದಲಾಯಿಸಬೇಕಾಗಬಹುದು.

ಇಷ್ಟು ವಯಸ್ಸಾದ ಮೇಲೆ ಬಲ ಬರುವುದುಂಟೆ ಎಂದು ಅತ್ತೆಯವರು ಅನುಮಾನಪಟ್ಟರು. ಬಾಸ್ಟನ್ ನಗರದಲ್ಲಿ ಮರಿಯಾ ಫಿಯಾಟರೋನೆ ಮತ್ತು ಸಂಗಡಿಗರು ತೊಂಬತ್ತರ ಆಸುಪಾಸಿನ ಹತ್ತು ಮಂದಿ ದುರ್ಬಲ ವೃದ್ಧರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿ 1990ರಲ್ಲಿ ವರದಿ ಪ್ರಕಟಿಸಿದರು. ಅಭ್ಯಾಸವನ್ನು ಪೂರೈಸಿದವರ ತೊಡೆಯ ಬಲ ಸರಾಸರಿ ಎರಡೂ ಮುಕ್ಕಾಲು ಪಟ್ಟಾಯಿತು. ಆದರೆ ತೊಡೆಯ ಮಾಂಸಖಂಡದ ಅಡ್ಡಗಾತ್ರ ಹೆಚ್ಚಿದ್ದು ನೂರಕ್ಕೆ ಒಂಬತ್ತರಷ್ಟು ಮಾತ್ರ. ಮೊದಲ ವಾರಗಳ ಲಾಭದ ಬಹುಭಾಗ ನರಗಳದು. ಇರುವ ಮಾಂಸಖಂಡದ ಎಳೆಗಳನ್ನು ಹೆಚ್ಚು ಸಂಖ್ಯೆಯಲ್ಲಿ ಒಟ್ಟಿಗೆ ಕೆಲಸಕ್ಕೆ ಕರೆಯಲು ನರಗಳು ಮರಳಿ ಕಲಿಯುತ್ತವೆ.

ತಕ್ಕಡಿ, ದಾರ, ಗಡಿಯಾರ

ತಕ್ಕಡಿಯೊಂದನ್ನೇ ನಂಬಬಾರದೆಂದ ಮೇಲೆ ಬೇರೆ ಸಾಕ್ಷಿಗಳು ಬೇಕಲ್ಲವೆ? ನಾವು ಎರಡನ್ನು ಸೇರಿಸಿದೆವು. ಒಂದು ದಾರ: ಹೊಕ್ಕುಳ ಮಟ್ಟದಲ್ಲಿ ಹೊಟ್ಟೆಯ ಸುತ್ತಳತೆ. ಮತ್ತೊಂದು ಗಡಿಯಾರ: ಕುರ್ಚಿಯ ಪರೀಕ್ಷೆ. ತೂಕ ವಾರಕ್ಕೊಮ್ಮೆ, ಉಳಿದೆರಡು ತಿಂಗಳಿಗೊಮ್ಮೆ. ಮೂರನ್ನೂ ಕೂಡಿ ಓದಬೇಕು. ತೂಕ ಇಳಿದು, ದಾರ ಕಿರಿದಾಗಿ, ಕುರ್ಚಿಯ ಕಾಲ ಕಡಮೆಯಾದರೆ ಅಥವಾ ಇದ್ದಂತೆಯೇ ಇದ್ದರೆ ಹೋಗುತ್ತಿರುವುದು ಕೊಬ್ಬು. ತೂಕ ಇಳಿಯುತ್ತಿದ್ದು, ದಾರ ಅಲುಗದೆ, ಕುರ್ಚಿಯ ಕಾಲ ಹೆಚ್ಚಿದರೆ ಹೋಗುತ್ತಿರುವುದು ಮಾಂಸಖಂಡ. ಊಟವನ್ನು ಹೆಚ್ಚಿಸಿ ಭಾರದ ವ್ಯಾಯಾಮವನ್ನು ಪರೀಕ್ಷಿಸಬೇಕು. ಏನೂ ಪಥ್ಯ ಮಾಡದೆಯೇ ತೂಕ ಇಳಿದರೆ ಅದು ವೈದ್ಯರು ನೋಡಬೇಕಾದ ಸಂಗತಿ.

ಮೊದಲ ತಿಂಗಳು ತಕ್ಕಡಿ 69ರಿಂದ ಕದಲಲೇ ಇಲ್ಲ. “ಇಷ್ಟೆಲ್ಲ ಮಾಡಿದರೂ ಇಳಿಯಲಿಲ್ಲವಲ್ಲಪ್ಪ” ಎಂದು ಮಾವನವರು ಬೇಸರಪಟ್ಟರು. “ಮಾವ, ದಾರ ನೋಡಿ” ಎಂದೆವು. 97 ಸೆಂಟಿಮೀಟರು ಇದ್ದದ್ದು 95 ಆಗಿತ್ತು. ಕುರ್ಚಿಯ ಕಾಲ 17ರಿಂದ 15 ಸೆಕೆಂಡಿಗೆ ಬಂದಿತ್ತು. ಮೂರನೆಯ ತಿಂಗಳಲ್ಲಿ ಕಾಲ 13ರ ಹತ್ತಿರ ನಿಂತುಬಿಟ್ಟಿತು. ವಿಚಾರಿಸಿದಾಗ, ಕಂಬಳಿ ತೆಗೆಯುವುದನ್ನು ಮರೆತು ಆರು ವಾರದಿಂದ ಒಂದೇ ಎತ್ತರದಲ್ಲಿ ಏಳುತ್ತಿದ್ದರೆಂದು ತಿಳಿಯಿತು. ಅಭ್ಯಾಸವಾದ ಭಾರ ಮಾಂಸಖಂಡಕ್ಕೆ ಹೊಸ ಆಜ್ಞೆಯನ್ನೇನೂ ಕೊಡದು. ಕಂಬಳಿ ತೆಗೆದ ಮೇಲೆ ಮತ್ತೆ ಮುನ್ನಡೆಯಾಯಿತು. ಆರು ತಿಂಗಳು ತುಂಬಿದಾಗ ತೂಕ 65, ಸುತ್ತಳತೆ 91, ಕುರ್ಚಿಯ ಕಾಲ 11 ಸೆಕೆಂಡು. ನಾಲ್ಕು ತಿಂಗಳಲ್ಲಿ ಒಂಬತ್ತು ಕಿಲೋ ಇಳಿದಾಗ ಬಲ ಹೋಗಿತ್ತು. ಆರು ತಿಂಗಳಲ್ಲಿ ನಾಲ್ಕೇ ಕಿಲೋ ಇಳಿದಾಗ ಬಲ ಬಂತು.

ಈಗ ಅವರ ಕುರ್ಚಿಯ ಮೇಲೆ ಕಂಬಳಿಗಳಿಲ್ಲ. ರಾಗಿಯ ಚೀಲವನ್ನು ಎದೆಗೆ ಅಪ್ಪಿಕೊಂಡು ಏಳುತ್ತಾರೆ. ಬಿಟ್ಟರೆ ಕೆಲವೇ ತಿಂಗಳಲ್ಲಿ ಗಳಿಸಿದ್ದು ಕರಗುತ್ತದೆಯೆಂಬುದನ್ನು ತಿಳಿದು ವಾರದ ಮೂರು ದಿನಗಳನ್ನು ಬಿಟ್ಟಿಲ್ಲ. ಓದುಗರ ಮನೆಯಲ್ಲಿಯೂ ತೂಕ ಇಳಿಸುತ್ತಿರುವ ಅಜ್ಜನೋ ಅಜ್ಜಿಯೋ ಇದ್ದರೆ, ಕುರ್ಚಿಯನ್ನು ಗೋಡೆಗೆ ಆನಿಸಿ, ಅವರ ಪಕ್ಕದಲ್ಲಿ ನಿಂತು, ಗಡಿಯಾರ ಹಿಡಿಯಲಿ. ಬಂದ ಸೆಕೆಂಡುಗಳನ್ನು ತೂಕದ ಪಕ್ಕದಲ್ಲಿ ಬರೆದಿಡಲಿ. ಚೀಲದೊಳಗೆ ಕೈಯಿಳಿಸಿ ನೋಡುವ ವ್ಯಾಪಾರಿಯ ಕೆಲಸವೂ ಇದೇ.